ಡ್ರಮ್ಸ್ ರೆಕಾರ್ಡಿಂಗ್ ಬುಕಿಂಗ್‌ನಲ್ಲಿ ಒಂದು ಬದಲಾವಣೆ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ರಾಕ್ ಡ್ರಮ್ಸ್‌ಗೆ ಗಂಟೆ ಲೆಕ್ಕದ ಬುಕಿಂಗ್ ಇರುವುದಿಲ್ಲ, ಇಡೀ ದಿನ ತಗೋಬೇಕು. ಮೊದಲ ಎರಡು ಗಂಟೆ ಟ್ಯೂನಿಂಗ್‌ಗೆ, ಮೈಕ್ ಇಡುವುದಕ್ಕೆ. ಅದಕ್ಕೆ ಬಾಡಿಗೆ ಇಲ್ಲ. ಕಿಟ್ ಕೂಡ ಚಿಕ್ಕ ಬೂತ್‌ನಲ್ಲಲ್ಲ, ದೊಡ್ಡ ಹಾಲ್‌ನಲ್ಲಿ ಕೂರುತ್ತದೆ.

‘ಮಿಕ್ಸ್‌ನಲ್ಲಿ ದೊಡ್ಡದು ಮಾಡಿಕೊಡಿ’ ಅಂತ ತುಂಬಾ ಜನ ಕೇಳುತ್ತೀರಿ. ಡ್ರಮ್ಮೇ ಮಂಕಾಗಿದ್ದರೆ ರಿವರ್ಬ್ ಹಾಕಿದರೂ ಮಂಕು ಸದ್ದೇ ಉದ್ದವಾಗುತ್ತದೆ. ಲೆಡ್ ಜೆಪ್ಲಿನ್‌ನ 1971ರ ಆಲ್ಬಮ್‌ನ ಒಂದು ಹಾಡಿಗೆ ಡ್ರಮ್ಮರ್ ಜಾನ್ ಬಾನಮ್ ಅವರ ಕಿಟ್ ಇಟ್ಟಿದ್ದು ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯ ಹಾಲ್‌ನಲ್ಲಿ. ಎಂಜಿನಿಯರ್ ಆಂಡಿ ಜಾನ್ಸ್ ಮೇಲೆ ಮೆಟ್ಟಿಲ ಹತ್ತಿರ ಎರಡೇ ಮೈಕ್ ಇಟ್ಟರು. ಎಕೋ, ಕಂಪ್ರೆಷನ್ ಕೂಡ ಸೇರಿದವು ನಿಜ. ಆದರೆ ಬುಡದಲ್ಲಿದ್ದದ್ದು ಚೆನ್ನಾಗಿ ಮೊಳಗುವ ಡ್ರಮ್ಸ್ ಮತ್ತು ಆ ಹಾಲ್.

ಎರಡು ಗಂಟೆಯಲ್ಲಿ ಏನು ಮಾಡುತ್ತೇವೆ? 16 ಇಂಚಿನ ಫ್ಲೋರ್ ಟಾಮನ್ನೇ ತಗೊಳ್ಳಿ. ಟೇಪು, ಬಟ್ಟೆ ಎಲ್ಲ ತೆಗೆಯುತ್ತೇವೆ. ಹೊಸ ಹೆಡ್ ಕೂರಿಸಿ, ಬೋಲ್ಟ್‌ಗಳನ್ನು ಕೈಯಲ್ಲೇ ಆಗುವಷ್ಟು ಬಿಗಿ ಮಾಡುತ್ತೇವೆ. ಆಮೇಲೆ ಕೀಲಿ ಹಾಕಿ, ಒಂದು ಬೋಲ್ಟ್ ಆದಮೇಲೆ ಅದರ ಎದುರಿನದು ಅನ್ನುವ ಹಾಗೆ ಕಾಲು ಸುತ್ತು ತಿರುಗಿಸುತ್ತೇವೆ. ಪ್ರತಿ ಬೋಲ್ಟ್ ಪಕ್ಕ, ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ, ಮೆಲ್ಲಗೆ ತಟ್ಟಿದಾಗ ಒಂದೇ ಸ್ವರ ಬರಬೇಕು. ಒಂದು ಕಡೆ ಸಡಿಲ ಉಳಿದರೂ ಸದ್ದು ಅಲೆ ಅಲೆಯಾಗಿ ನಡುಗುತ್ತದೆ. ಕೆಳಗಿನ ಹೆಡ್ಡಿನ ಸ್ವರವನ್ನು ಮೇಲಿನದಕ್ಕಿಂತ ಸ್ವಲ್ಪ ಏರಿಸುತ್ತೇವೆ. ಟಾಮ್ ಬಾರಿಸಿದಾಗ ಸ್ನೇರ್ ತಂತಿ ಜಾಸ್ತಿ ಗುಂಯ್‌ಗುಟ್ಟಿದರೆ ಟಾಮ್‌ನ ಸ್ವರವನ್ನು ಸ್ವಲ್ಪ ಆಚೀಚೆ ಸರಿಸುತ್ತೇವೆ.

ಆಮೇಲೆ ಮೈಕ್. ಒಂದು ಸ್ನೇರ್‌ನ ಮೇಲೆ, ಸುಮಾರು ಒಂದು ಮೀಟರ್ ಎತ್ತರದಲ್ಲಿ. ಇನ್ನೊಂದು ಫ್ಲೋರ್ ಟಾಮ್ ಪಕ್ಕದಿಂದ ಸ್ನೇರ್ ಕಡೆ ನೋಡುವ ಹಾಗೆ. ಸ್ನೇರ್‌ನ ನಡುವಿನಿಂದ ಎರಡಕ್ಕೂ ದೂರ ಒಂದೇ ಇರಬೇಕು, ದಾರ ಹಿಡಿದು ಅಳೆಯುತ್ತೇವೆ. 17 ಸೆಂಟಿಮೀಟರ್ ವ್ಯತ್ಯಾಸವಾದರೂ ಎರಡನೇ ಮೈಕ್‌ಗೆ ಸದ್ದು ಅರ್ಧ ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಸೇರಿಸಿದಾಗ 1000 ಹರ್ಟ್ಜ್ ಸುತ್ತಮುತ್ತ ಸದ್ದು ಕರಗಿ, ಸ್ನೇರ್ ತೆಳ್ಳಗಾಗುತ್ತದೆ. ಬಾಸ್ ಡ್ರಮ್ಮಿಗೆ ಒಂದು ಮೈಕ್. ಅದರ ಪೊಲಾರಿಟಿ ಬಟನ್ ಒತ್ತಿ, ಬಿಟ್ಟು, ಮೋನೋದಲ್ಲಿ ಕೇಳಿ, ತಗ್ಗು ಸದ್ದು ಯಾವಾಗ ತುಂಬಿ ಬರುತ್ತದೋ ಹಾಗೇ ಇಡುತ್ತೇವೆ. ಹಾಲ್‌ನ ಮೈಕ್ ಮೂರು ನಾಲ್ಕು ಮೀಟರ್ ದೂರದಲ್ಲಿ, ತಗ್ಗಾಗಿ ಇರುತ್ತದೆ. ಎತ್ತರಿಸಿದರೆ ಸಿಂಬಲ್‌ಗಳೇ ಎಲ್ಲವನ್ನೂ ಮುಚ್ಚಿಬಿಡುತ್ತವೆ. ಹಾಗಾಗಿ ಡ್ರಮ್ಮರ್ ಸಿಂಬಲ್ ಮೆಲ್ಲಗೆ, ಡ್ರಮ್ ಜೋರಾಗಿ ಬಾರಿಸಬೇಕು. ಇದನ್ನು ನಾವು ಮೈಕ್‌ನಿಂದ ಸರಿ ಮಾಡಲಾರೆವು.

ವೇಗದ ಡಬಲ್ ಬಾಸ್ ಇರುವ ಮೆಟಲ್‌ಗೆ ಈ ವಿಧಾನ ಹೊಂದುವುದಿಲ್ಲ, ಹಾಲ್‌ನ ಮೊಳಗು ಏಟುಗಳನ್ನು ಕಲಸಿಬಿಡುತ್ತದೆ. ಅಂಥವರಿಗೆ ಬೂತ್, ಪ್ರತಿ ಡ್ರಮ್ಮಿಗೂ ಹತ್ತಿರದ ಮೈಕ್, ಹಳೇ ದರ ಹಾಗೇ ಇದೆ.

ಬರುವಾಗ ಹೊಸ ಹೆಡ್ ತನ್ನಿ. ಹಿಂದಿನ ದಿನವೇ ಹಾಕಿಟ್ಟರೆ ಇನ್ನೂ ಒಳ್ಳೆಯದು, ರಾತ್ರಿಯಲ್ಲಿ ಅದು ಹಿಗ್ಗಿ ಕೂತಿರುತ್ತದೆ. ಈಗಾಗಲೇ ಗಂಟೆ ಲೆಕ್ಕದಲ್ಲಿ ಬುಕ್ ಮಾಡಿರುವವರಿಗೆ ಹಳೇ ಕ್ರಮವೇ ನಡೆಯುತ್ತದೆ.

ಇಂತಿ,
ಸ್ಟುಡಿಯೋ ಬಳಗ