ಮಗಳಿಗೊಂದು ಪತ್ರ: ಲೆಕ್ಕಕ್ಕೆ ಸಿಗದ 240 ಎಂಎಲ್

ಪ್ರೀತಿಯ ಪುಟ್ಟಿಗೆ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಎಣಿಕೆ ಹಾಳೆ ನೋಡಿದೆ. ವಿಸ್ಕಿಯ ಪೋರ್ ಕಾಸ್ಟ್ ಶೇ 27ರ ಹತ್ತಿರ ಇರಬೇಕಾದದ್ದು 28.6 ಬಂದಿದೆ, ಕೌಂಟರಿನ ಹುಡುಗರ ಮೇಲೆ ಮಾಲೀಕರಿಗೆ ಅನುಮಾನ ಬಂದಿದೆ ಅಂದೆ. ಯಾರ ಹತ್ತಿರವೂ ಮಾತಾಡುವ ಮೊದಲು ಇದನ್ನು ಒಮ್ಮೆ ಓದು. ನಮ್ಮ ಬಾರಿನ ಲೆಕ್ಕ ನಾನೇ ಬರೆಯುತ್ತಿದ್ದೆ, ನಿಮ್ಮಪ್ಪ ಗಲ್ಲಾದಲ್ಲಿ ಕೂರುತ್ತಿದ್ದರು ಅಷ್ಟೇ. ನಮ್ಮಲ್ಲಿದ್ದ ಹುಡುಗರಲ್ಲಿ ಕೆಲವರು ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ. ಶೇಕಡಾವಾರು ಲೆಕ್ಕ ಹಿಡಿದು ಯಾರನ್ನಾದರೂ ಕಳ್ಳ ಅಂದುಬಿಟ್ಟಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ.

ಪೋರ್ ಕಾಸ್ಟ್ ಅಂದರೆ ಖರ್ಚಾದ ಮದ್ಯದ ಖರೀದಿ ಬೆಲೆಯನ್ನು ಆ ಮದ್ಯದ ಮಾರಾಟದಿಂದ ಭಾಗಿಸಿ ನೂರರಿಂದ ಗುಣಿಸಿದ್ದು. ಮಾರಾಟದಲ್ಲಿ ಟ್ಯಾಕ್ಸು, ಸರ್ವಿಸ್ ಚಾರ್ಜು ಸೇರಬಾರದು. ಸೇರಿದರೆ ನಿನ್ನ ಶೇಕಡಾ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಈ ಶೇಕಡಾ ಏನೋ ಕದಲಿದೆ ಎಂದಷ್ಟೇ ಹೇಳುತ್ತದೆ, ಏನು ಕದಲಿತು ಎಂದು ಹೇಳುವುದಿಲ್ಲ. ಕಳವಿಲ್ಲದೆಯೂ ಅದು ಏರಬಹುದು. ನಿಮ್ಮಲ್ಲಿ 750 ಎಂಎಲ್‌ನ ಬಾಟಲಿಗೆ 1,500 ರೂಪಾಯಿ, ಅಂದರೆ ಎಂಎಲ್‌ಗೆ 2 ರೂಪಾಯಿ. 60 ಎಂಎಲ್‌ನ ಲಾರ್ಜ್ 420ಕ್ಕೆ ಹೋದರೆ ಪೋರ್ ಕಾಸ್ಟ್ 28.6. 30ರ ಸ್ಮಾಲ್ 220ಕ್ಕೆ ಹೋದರೆ 27.3. ಅದೇ ಲಾರ್ಜನ್ನು ಹ್ಯಾಪಿ ಅವರ್‌ನಲ್ಲಿ ಒಂದಕ್ಕೊಂದು ಫ್ರೀ ಕೊಟ್ಟರೆ 57 ದಾಟುತ್ತದೆ. ಬಾಟಲಿಯ ಬೆಲೆ 1,620 ಆಗಿ ನಿಮ್ಮ ಮೆನು ಹಾಗೇ ಉಳಿದರೆ ಲಾರ್ಜ್ ತಾನಾಗಿ 31ರ ಹತ್ತಿರ ಹೋಗುತ್ತದೆ. ಇದರಲ್ಲಿ ಹುಡುಗರ ಪಾತ್ರ ಏನೂ ಇಲ್ಲ. ಹಾಗಾಗಿ ಶೇಕಡಾ ಬದಿಗಿಟ್ಟು ಎಂಎಲ್‌ಗೆ ಇಳಿ.

ನಿನ್ನ ಹಾಳೆಯ ಪ್ರಕಾರ ಸೋಮವಾರ ಬೆಳಿಗ್ಗೆ ಆರು ಫುಲ್ ಬಾಟಲಿ, ತೆರೆದದ್ದರಲ್ಲಿ 300 ಎಂಎಲ್ ಇತ್ತು, ಒಟ್ಟು 4,800. ವಾರದಲ್ಲಿ 12 ಬಾಟಲಿ ಬಂತು, 9,000. ಮುಂದಿನ ಸೋಮವಾರ ಬೆಳಿಗ್ಗೆ ನಾಲ್ಕು ಫುಲ್, ತೆರೆದದ್ದರಲ್ಲಿ 450, ಅಂದರೆ 3,450 ಉಳಿಯಿತು. ಖರ್ಚು 10,350 ಎಂಎಲ್. ಇನ್ನು ಬಿಲ್ಲಿಗೆ ಬಾ. ಲಾರ್ಜ್ 120, ಅದಕ್ಕೆ 7,200. ಸ್ಮಾಲ್ 70, ಅದಕ್ಕೆ 2,100. 45 ಎಂಎಲ್ ಹಾಕುವ ಕಾಕ್‌ಟೈಲ್ 12, ಅದಕ್ಕೆ 540. ಬಿಲ್ ಆದದ್ದು 9,840. ಎರಡರ ನಡುವಿನ ಅಂತರ 510 ಎಂಎಲ್. ನಿನ್ನ ಇಡೀ ತಲೆನೋವು ಇಷ್ಟರಲ್ಲೇ ಇದೆ.

ಈ 510ರಲ್ಲಿ 270ಕ್ಕೆ ಚೆಲ್ಲಿದ್ದನ್ನು ಬರೆದಿಡುವ ಸ್ಪಿಲ್ಲೇಜ್ ಪುಸ್ತಕದಲ್ಲಿ ಉತ್ತರವಿದೆ. ಕೈಜಾರಿ ಒಡೆದ ಬಾಟಲಿಯಲ್ಲಿ 150 ಇತ್ತು, ತಪ್ಪು ಆರ್ಡರ್ ಆಗಿ ವಾಪಸ್ ಬಂದದ್ದು 60, ಮಾಲೀಕರ ಸ್ನೇಹಿತರಿಗೆ ಪುಕ್ಕಟೆ ಕೊಟ್ಟದ್ದು 60. ಕೊನೆಯದು ಆ ಪುಸ್ತಕಕ್ಕೆ ಸೇರಿದ್ದಲ್ಲ. ಪುಕ್ಕಟೆ ಕೊಡುವುದನ್ನು ಸೊನ್ನೆ ರೂಪಾಯಿ ಬಿಲ್ಲಾಗಿ ಹೊಡೆಸು, ಕೊಡಿ ಅಂದವರ ಸಹಿ ಅದರ ಮೇಲಿರಲಿ. ಚೆಲ್ಲಿದ್ದು ಬೇರೆ, ಕೊಟ್ಟದ್ದು ಬೇರೆ. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಮಾಲೀಕರ ಧಾರಾಳವೂ ಹುಡುಗರ ಕೈತಪ್ಪಿನ ಲೆಕ್ಕಕ್ಕೆ ಸೇರುತ್ತದೆ.

ಆ ಪುಸ್ತಕದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಬಹಳ ಬಾರುಗಳಲ್ಲಿ ಅದು ಹೆಸರಿಗಷ್ಟೇ ಇರುತ್ತದೆ. ಚೆಲ್ಲಿದ ಹೊತ್ತಿನಲ್ಲೇ ಬರೆಯಬೇಕು: ಸಮಯ, ಬ್ರ್ಯಾಂಡ್, ಎಷ್ಟು ಎಂಎಲ್, ಯಾಕೆ, ಯಾರ ಕೈಯಲ್ಲಿ, ಯಾರು ನೋಡಿದರು. ಬಾಟಲಿ ಒಡೆದರೆ ಮುಚ್ಚಳ ಇರುವ ಕುತ್ತಿಗೆಯ ಭಾಗವನ್ನು ನೀನು ನೋಡುವವರೆಗೆ ಒಂದು ಡಬ್ಬದಲ್ಲಿ ಎತ್ತಿಡಲಿ. ಡ್ರಾಟ್ ಬಿಯರ್ ಇದ್ದರೆ ಕೆಗ್ ಬದಲಿಸಿದಾಗ ಬರುವ ನೊರೆ, ಲೈನ್ ತೊಳೆದಾಗ ಹೋಗುವ ಬಿಯರ್, ಎರಡನ್ನೂ ಅಳತೆಯ ಜಗ್ಗಿಗೆ ಹಿಡಿದು ಬರೆಯಲಿ. 30 ಲೀಟರಿನ ಕೆಗ್ಗಿನಿಂದ ಅರ್ಧ ಲೀಟರಿನ 60 ಗ್ಲಾಸು ಯಾವತ್ತೂ ಬರುವುದಿಲ್ಲ, ಅದನ್ನು ಮಾಲೀಕರಿಗೆ ಈಗಲೇ ಹೇಳಿಬಿಡು. ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿ: ಪುಸ್ತಕದಲ್ಲಿ ಬರೆದದ್ದಕ್ಕೆ ಸಂಬಳ ಹಿಡಿಯಕೂಡದು. ಒಂದು ಸಲ ಹಿಡಿದರೆ ಮರುದಿನದಿಂದ ಯಾರೂ ಬರೆಯುವುದಿಲ್ಲ, ಚೆಲ್ಲುವುದು ಮಾತ್ರ ನಿಲ್ಲುವುದಿಲ್ಲ. ಶುಕ್ರವಾರ, ಶನಿವಾರ ತುಂಬಿ ತುಳುಕುವ ಬಾರಿನಲ್ಲಿ ವಾರವಿಡೀ ಏನೂ ಚೆಲ್ಲಲಿಲ್ಲ ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಇಡೀ ವಾರದ್ದು ಒಂದೇ ಪೆನ್ನಿನಲ್ಲಿ, ಒಂದೇ ಓಟದ ಕೈಬರಹದಲ್ಲಿ ಇದ್ದರೂ ಅಷ್ಟೇ, ಎಣಿಕೆಗೆ ಮುಂಚೆ ಕೂತು ತುಂಬಿಸಿದ್ದಾರೆ ಎಂದು ತಿಳಿ.

ಉಳಿದದ್ದು 240 ಎಂಎಲ್. ಮಾಲೀಕರು ಇದನ್ನು ನಾಲ್ಕು ಲಾರ್ಜ್ ಎಂದು ಓದುತ್ತಾರೆ, ಯಾರೋ ಬಿಲ್ ಹಾಕದೆ ಮಾರಿಕೊಂಡರು ಅನ್ನುತ್ತಾರೆ. ಇರಬಹುದು. ಆದರೆ ಆ ವಾರ ಪೆಗ್ ಅಳೆಯುವ ಮೆಜರ್ ತುಂಬಿದ್ದು 202 ಸಲ. 240ನ್ನು ಅದರಿಂದ ಭಾಗಿಸಿದರೆ ಒಂದು ಸುರಿತಕ್ಕೆ 1.2 ಎಂಎಲ್ ಬಂತು. ಮೆಜರಿನ ಅಂಚಿನ ಮೇಲೆ ಮದ್ಯ ಉಬ್ಬಿ ನಿಲ್ಲುತ್ತದಲ್ಲ, ಅಷ್ಟು. ಎರಡರಲ್ಲಿ ಯಾವುದು ಎಂದು ತಿಳಿಯಲು ಬೇರೆ ಬ್ರ್ಯಾಂಡುಗಳನ್ನು ನೋಡು. ಹೆಚ್ಚು ಸುರಿಯುವ ಕೈ ಎಲ್ಲ ಬಾಟಲಿಯಲ್ಲೂ ಹೆಚ್ಚೇ ಸುರಿಯುತ್ತದೆ, ಆದ್ದರಿಂದ ರಮ್ಮು, ವೋಡ್ಕಾ, ಜಿನ್ನಿನಲ್ಲೂ ಖರ್ಚಿನ ನೂರಕ್ಕೆ ಎರಡರ ಆಸುಪಾಸು ಕೊರತೆ ಕಾಣಬೇಕು. ಉಳಿದದ್ದೆಲ್ಲ ಸರಿಯಿದ್ದು ಈ ಒಂದು ವಿಸ್ಕಿಯಲ್ಲೇ 60ರ ಗುಣಕದಲ್ಲಿ ಕೊರತೆ ಬಂದು, ಅದೂ ಒಂದೇ ಶಿಫ್ಟಿಗೆ ಅಂಟಿಕೊಂಡಿದ್ದರೆ ಆಗ ಬಿಲ್ ಆಗದ ಪೆಗ್ಗಿನ ಮಾತು. ಹೆಚ್ಚು ಸುರಿತವೆಂದು ಕಂಡರೆ ಹುಡುಗರಿಗೆ ಭಾಷಣ ಬೇಡ. ಬಾಟಲಿಗೆ ನೀರು ತುಂಬಿಸಿ ಪ್ರತಿಯೊಬ್ಬರಿಂದ ಹತ್ತು ಲಾರ್ಜ್ ಸುರಿಸಿ, ಜಗ್ಗಿನಲ್ಲಿ ಅಳೆ. 600ರ ಬದಲು 615 ಬಂದರೆ ಅವರೇ ನೋಡಿ ನಗುತ್ತಾರೆ, ಕೈ ತಾನೇ ಸರಿಹೋಗುತ್ತದೆ. ಮೆಜರನ್ನೂ ಆಗಲೇ ಪರೀಕ್ಷಿಸು, ನೆಗ್ಗಿದ ಮೆಜರುಗಳು ಎಷ್ಟೋ ಇರುತ್ತವೆ.

ಬೇರೆ ಗುರುತುಗಳೂ ಇವೆ. ಸರಿಯಾಗಿ 750 ಕಡಿಮೆ ಬಂದರೆ ಮೊದಲು ಸ್ಟೋರಿನಿಂದ ಮಾಲು ತರಿಸಿದ ಇಂಡೆಂಟ್ ನೋಡು, ಬರೆದೂ ತರದ ಅಥವಾ ಎಣಿಸದೆ ಬಿಟ್ಟ ಬಾಟಲಿ ಇರುತ್ತದೆ. ಈ ವಾರ ಕಡಿಮೆ ಬಂದಷ್ಟೇ ಮುಂದಿನ ವಾರ ಹೆಚ್ಚು ಬಂದರೆ ಅದು ಎಣಿಕೆಯ ತಪ್ಪು. ಒಂದು ವಿಸ್ಕಿ 300 ಕಡಿಮೆಯಾಗಿ, ಅದಕ್ಕಿಂತ ದುಬಾರಿಯದು 300 ಹೆಚ್ಚು ಉಳಿದಿದ್ದರೆ ಎಚ್ಚರವಾಗು. ಬಿಲ್ಲಿಂಗಿನಲ್ಲಿ ತಪ್ಪು ಬಟನ್ ಒತ್ತಿರಬಹುದು, ಇಲ್ಲವೇ ಅಗ್ಗದ್ದನ್ನು ಸುರಿದು ದುಬಾರಿಯ ಬಿಲ್ ಕೊಡುತ್ತಿರಬಹುದು. ಕೊರತೆಗಿಂತ ಇಂಥ ಹೆಚ್ಚುವರಿಗೇ ನಾನು ಜಾಸ್ತಿ ಹೆದರುತ್ತಿದ್ದೆ. ಲೆಕ್ಕದಲ್ಲಿ ಮಾಲು ಹೆಚ್ಚು ಉಳಿಯಿತು ಎಂದರೆ ಗಿರಾಕಿಗೆ ಕಡಿಮೆ ಅಳತೆ ಹೋಗಿದೆ, ಇಲ್ಲವೇ ಬಾಟಲಿಗೆ ನೀರು ಬಿದ್ದಿದೆ. ಪೋರ್ ಕಾಸ್ಟ್ ಮಾತ್ರ ಆ ವಾರ ಬಲು ಚೆನ್ನಾಗಿ ಕಾಣುತ್ತದೆ, ಮಾಲೀಕರು ಬೆನ್ನು ತಟ್ಟುತ್ತಾರೆ!

ಇಷ್ಟೆಲ್ಲ ಹೇಳಬೇಕಾದರೆ ಎಣಿಕೆ ನಿಖರವಾಗಿರಬೇಕು. ತೆರೆದ ಬಾಟಲಿಯನ್ನು ಕಣ್ಣಳತೆಯಲ್ಲಿ ಹತ್ತು ಭಾಗ ಮಾಡಿ ಬರೆಯುವ ರೂಢಿ ನಿಮ್ಮಲ್ಲೂ ಇದೆ ಅಂದುಕೊಂಡಿದ್ದೇನೆ. ಒಂದು ಭಾಗಕ್ಕೆ 75 ಎಂಎಲ್, ಒಂದು ಲಾರ್ಜಿಗಿಂತ ಜಾಸ್ತಿ. ಭುಜ ಇಳಿಜಾರಾದ ಬಾಟಲಿಯಲ್ಲಿ ಕಣ್ಣು ಇನ್ನೂ ಮೋಸ ಹೋಗುತ್ತದೆ. ಗ್ರಾಂ ತೋರಿಸುವ ಅಡುಗೆ ತಕ್ಕಡಿ ತರಿಸು. ಅದೇ ಬ್ರ್ಯಾಂಡಿನ ಖಾಲಿ ಬಾಟಲಿಯನ್ನು ಮುಚ್ಚಳದ ಸಮೇತ ತೂಗಿ ಬರೆದಿಡು. ನಮ್ಮ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ 42.8ರ ಮದ್ಯಾಂಶ ಇರುತ್ತದೆ, ಅಂಥದ್ದರ ಒಂದು ಎಂಎಲ್ ಸುಮಾರು 0.94 ಗ್ರಾಂ ತೂಗುತ್ತದೆ. ಖಾಲಿ ಬಾಟಲಿ 470 ಗ್ರಾಂ, ತೆರೆದದ್ದು 893 ಗ್ರಾಂ ಎಂದುಕೋ. ವ್ಯತ್ಯಾಸ 423, ಅದನ್ನು 0.94ರಿಂದ ಭಾಗಿಸಿದರೆ 450 ಎಂಎಲ್. ಸಕ್ಕರೆ ಇರುವ ಲಿಕ್ಯೂರ್‌ಗಳಿಗೆ ಈ ಲೆಕ್ಕ ನಡೆಯದು, ಅವು ಸಾಮಾನ್ಯವಾಗಿ ನೀರಿಗಿಂತ ಭಾರ. ಅವುಗಳ ಫುಲ್ ಬಾಟಲಿಯನ್ನೇ ತೂಗಿ, ಖಾಲಿಯ ತೂಕ ಕಳೆದು, 750ರಿಂದ ಭಾಗಿಸಿ ಬೇರೆ ಅಂಕಿ ಮಾಡಿಕೋ. ಕಂಪನಿ ಬಾಟಲಿಯ ಆಕಾರ ಬದಲಿಸಿದಾಗ ಖಾಲಿ ತೂಕವನ್ನು ಹೊಸದಾಗಿ ತೆಗೆ.

ಎಣಿಕೆ ಕೌಂಟರ್ ತೆರೆಯುವ ಮೊದಲೇ ಮುಗಿಯಲಿ. ಒಬ್ಬರು ಕೂಗಬೇಕು, ಇನ್ನೊಬ್ಬರು ಬರೆಯಬೇಕು, ಇಬ್ಬರಲ್ಲಿ ಒಬ್ಬರಾದರೂ ಬಾರಿನವರಲ್ಲದೆ ಇರಲಿ. ಹಳೆಯ ಅಂಕಿ ಕೈಯಲ್ಲಿದ್ದರೆ ಎಣಿಸುವ ಬದಲು ಹೊಂದಿಸುತ್ತಾರೆ, ಹಾಗಾಗಿ ಖಾಲಿ ಹಾಳೆಯನ್ನೇ ಕೊಡು. ಎಲ್ಲ ಮಾಲನ್ನೂ ವಾರಕ್ಕೊಮ್ಮೆ ಎಣಿಸಿದರೆ ಸಾಕು. ಹೆಚ್ಚು ಓಡುವ ಮತ್ತು ಹೆಚ್ಚು ಬೆಲೆಯ ಹತ್ತು ಬ್ರ್ಯಾಂಡುಗಳನ್ನು ಮಾತ್ರ ದಿನವೂ ತೂಗು. ದಿನದ ಅಂಕಿ ಇಲ್ಲದೆ ಕೊರತೆ ಯಾವ ಶಿಫ್ಟಿನದು ಎಂದು ತಿಳಿಯುವುದಿಲ್ಲ. ಅಬಕಾರಿಯವರಿಗಾಗಿ ಬರೆಯುವ ರಿಜಿಸ್ಟರ್ ಇದೆಯಲ್ಲ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರು, ಅದು ಬೇರೆ ಉದ್ದೇಶದ್ದು.

ಒಂದು ಕಳವು ಮಾತ್ರ ಈ ಲೆಕ್ಕದ ಬಲೆಗೆ ಬೀಳುವುದಿಲ್ಲ. ಹೊರಗಿನಿಂದ ತನ್ನ ಬಾಟಲಿ ತಂದು ನಿಮ್ಮ ಕೌಂಟರಿನಲ್ಲಿ ಬಿಲ್ಲಿಲ್ಲದೆ ಮಾರುವವನಿದ್ದರೆ ನಿಮ್ಮ ಮಾಲು ಎಂಎಲ್ ಸಮೇತ ತಾಳೆಯಾಗುತ್ತದೆ, ಪೋರ್ ಕಾಸ್ಟ್ ಕೂಡ ಕದಲುವುದಿಲ್ಲ. ಜನ ಅಷ್ಟೇ ಇದ್ದು ಆ ಶಿಫ್ಟಿನ ಮಾರಾಟ ಮಾತ್ರ ಇಳಿದಿರುತ್ತದೆ. ಅದಕ್ಕೇ ಖಾಲಿ ಬಾಟಲಿಗಳನ್ನೂ ಎಣಿಸಬೇಕು. ಸ್ಟೋರಿನಿಂದ ಕೊಡುವಾಗ ಪ್ರತಿ ಬಾಟಲಿಗೂ ನಿಮ್ಮದೇ ಗುರುತಿನ ಚೀಟಿ ಅಂಟಿಸು, ಖಾಲಿ ವಾಪಸ್ ಕೊಟ್ಟಮೇಲೇ ಹೊಸದು ಕೊಡು.

ನಿನ್ನ ಮಾಲೀಕರಿಗೆ ಸದ್ಯಕ್ಕೆ ಇಷ್ಟು ಹೇಳು: 510ರಲ್ಲಿ 270ಕ್ಕೆ ಉತ್ತರ ಇದೆ, ಉಳಿದ 240ರ ಬೆಲೆ 480 ರೂಪಾಯಿ, ಕಾರಣ ತಿಳಿಯಲು ಇನ್ನೆರಡು ವಾರ ತೂಕದ ಎಣಿಕೆ ಬೇಕು. ಅಲ್ಲಿಯವರೆಗೆ ಯಾರ ಸಂಬಳವನ್ನೂ ಮುಟ್ಟಬಾರದು. ಮುಂದಿನ ಸೋಮವಾರ ರಮ್ಮು, ವೋಡ್ಕಾದ ಹಾಳೆಯನ್ನೂ ಕಳಿಸು, ಪಕ್ಕಪಕ್ಕ ಇಟ್ಟು ನೋಡೋಣ. ಫೋಟೋ ಮಾತ್ರ ಸ್ವಲ್ಪ ನೇರವಾಗಿ ತೆಗಿ, ಈ ಸಲ ಕೊನೆಯ ಸಾಲು ಓದಲು ಕನ್ನಡಕ ಬದಲಿಸಬೇಕಾಯಿತು.

ಇಂತಿ,
ಅಮ್ಮ