ದಾನಪತ್ರವೋ ವಾರಸಿಕೆಯೋ: ಮಗಳ ಆಸ್ತಿ ಯಾರ ಪಾಲಾಗುತ್ತದೆ?

ಮಾನ್ಯ ಸಂಪಾದಕರೆ,

ಹಿಂದೂ ಹೆಣ್ಣುಮಕ್ಕಳು ತಪ್ಪದೆ ಉಯಿಲು ಬರೆದಿಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮನವಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮನ್ನು ಪ್ರಶ್ನಿಸಿದ್ದ ಅರ್ಜಿಯ ವಿಚಾರಣೆಯಲ್ಲಿ ಬಂದ ಮಾತದು. ಒಂದು ಕೋರ್ಟು ಇಷ್ಟು ನೇರವಾಗಿ ಯಾಕೆ ಹೇಳಬೇಕಾಯಿತು ಎಂಬುದು ಬೆಂಗಳೂರಿನ ಬಹಳ ಮನೆಗಳಿಗೆ ಇನ್ನೂ ತಟ್ಟಿಲ್ಲ. ಮಗಳಿಗೆ ಭದ್ರತೆ ಇರಲಿ ಎಂದು ತಂದೆ ತಾಯಿ ಮಾಡಿಸಿಕೊಡುವ ಪತ್ರವೇ ಕೆಲವೊಮ್ಮೆ ಆ ಆಸ್ತಿಯನ್ನು ತವರಿನಿಂದ ಶಾಶ್ವತವಾಗಿ ದೂರ ಮಾಡುತ್ತದೆ.

ಮೊದಲು ಕಾನೂನಿನ ಕ್ರಮ ನೋಡೋಣ. ಮದುವೆಯಾದ ಹಿಂದೂ ಹೆಣ್ಣುಮಗಳು ಉಯಿಲು ಬರೆಯದೆ ತೀರಿಕೊಂಡರೆ ಆಕೆಯ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ ಸಮನಾಗಿ ಹೋಗುತ್ತದೆ. ಮಕ್ಕಳು ಮೊದಲೇ ತೀರಿಕೊಂಡಿದ್ದರೆ ಅವರ ಪಾಲು ಮೊಮ್ಮಕ್ಕಳಿಗೆ. ಇವರು ಯಾರೂ ಇಲ್ಲದಿದ್ದರೆ ಎರಡನೆಯ ಸರದಿ ಗಂಡನ ವಾರಸುದಾರರದು. ಹೆತ್ತ ತಂದೆ ತಾಯಿ ಮೂರನೆಯ ಸರದಿಯಲ್ಲಿದ್ದಾರೆ. ಮೇಲಿನ ಸಾಲಿನಲ್ಲಿ ಒಬ್ಬರು ಬದುಕಿದ್ದರೂ ಕೆಳಗಿನವರಿಗೆ ಏನೂ ಸಿಗುವುದಿಲ್ಲ. ಗಂಡ ಬೇರೆಯಾಗಿ ಹತ್ತು ವರ್ಷವಾಗಿದ್ದರೂ, ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನದ ಕೇಸು ನಡೆಯುತ್ತಿದ್ದರೂ, ಡಿಕ್ರಿ ಆಗುವ ತನಕ ಗಂಡ ಗಂಡನೇ, ವಾರಸುದಾರನೇ.

ಇದಕ್ಕೆ ಅದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ತಂದೆಯಿಂದ ಅಥವಾ ತಾಯಿಯಿಂದ ವಾರಸಿಕೆಯಾಗಿ ಬಂದ ಆಸ್ತಿಯಾಗಿದ್ದು, ಆಕೆಗೆ ಮಕ್ಕಳು ಮೊಮ್ಮಕ್ಕಳು ಇಲ್ಲದಿದ್ದರೆ, ಅದು ತಂದೆಯ ವಾರಸುದಾರರಿಗೆ ಮರಳುತ್ತದೆ. ಬದುಕಿರುವ ಗಂಡನಿಗೂ ಅದರಲ್ಲಿ ಪಾಲಿಲ್ಲ. ಗಂಡನಿಂದ ಅಥವಾ ಮಾವನಿಂದ ವಾರಸಿಕೆಯಾಗಿ ಬಂದದ್ದು ಹಾಗೆಯೇ ಗಂಡನ ಕಡೆಗೆ ಹೋಗುತ್ತದೆ. 'ತವರಿನದು ತವರಿಗೆ' ಎಂದು ಜನ ನಂಬಿರುವುದು ಈ ವಿನಾಯಿತಿಯಿಂದ. ಆದರೆ ನ್ಯಾಯಾಲಯಗಳು 'ವಾರಸಿಕೆಯಾಗಿ ಬಂದ' ಎಂಬ ಮಾತನ್ನು ಬಹಳ ಬಿಗಿಯಾಗಿ ಓದಿವೆ. ತಂದೆ ಉಯಿಲು ಬರೆಯದೆ ತೀರಿಕೊಂಡು, ಕಾನೂನಿನ ಪ್ರಕಾರ ಮಗಳಿಗೆ ಇಳಿದು ಬಂದ ಪಾಲು ಮಾತ್ರ ಅದರೊಳಗೆ ಬರುತ್ತದೆ. ತಂದೆ ಬದುಕಿದ್ದಾಗ ದಾನಪತ್ರದಲ್ಲಿ ಕೊಟ್ಟದ್ದಾಗಲಿ, ಉಯಿಲಿನಲ್ಲಿ ಬರೆದುಕೊಟ್ಟದ್ದಾಗಲಿ ಬರುವುದಿಲ್ಲ. ಅವು ಆಕೆಯ ಸ್ವಂತ ಆಸ್ತಿ. ಹಾಗಾಗಿ ಮೊದಲು ಹೇಳಿದ ಸಾಮಾನ್ಯ ಸರದಿಯಲ್ಲೇ ಹೋಗುತ್ತವೆ.

ಒಂದು ಕಾಲ್ಪನಿಕ ಉದಾಹರಣೆಯಲ್ಲಿ ಇದನ್ನು ಬಿಡಿಸಿ ನೋಡಬಹುದು. ಲಲಿತಾ ಎಂಬಾಕೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದರು. ಗಂಡ ಮೊದಲೇ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ, ಅತ್ತೆ ಮಾವನೂ ಇಲ್ಲ. ಗಂಡನ ಕಡೆಯಲ್ಲಿ ಇರುವವರು ಒಬ್ಬ ಮೈದುನ, ಒಬ್ಬ ನಾದಿನಿ. ತವರಿನಲ್ಲಿ ತಾಯಿ ಮತ್ತು ಒಬ್ಬ ತಮ್ಮ, ಕೊನೆಗಾಲದಲ್ಲಿ ನೋಡಿಕೊಂಡವರೂ ಅವರೇ. ಲಲಿತಾ ಉಯಿಲು ಬರೆಯದೆ ಹೋದರು. ಬಿಟ್ಟುಹೋದದ್ದು ನಾಲ್ಕು: ಸಂಬಳದಲ್ಲಿ ಸಾಲ ತೀರಿಸಿ ಕೊಂಡ ರಾಜಾಜಿನಗರದ ಫ್ಲ್ಯಾಟು, ತಂದೆ ಬದುಕಿದ್ದಾಗ ದಾನಪತ್ರ ಮಾಡಿಸಿಕೊಟ್ಟ ವಿಜಯನಗರದ ಮನೆ, ತಂದೆ ತೀರಿದ ಮೇಲೆ ವಿಭಾಗಪತ್ರದಲ್ಲಿ ತನ್ನ ಪಾಲಿಗೆ ಬಂದ ತುಮಕೂರಿನ ಸೈಟು (ಅದು ತಂದೆಯ ಸ್ವಯಾರ್ಜಿತ), ತಾಯಿಯನ್ನು ನಾಮಿನಿ ಮಾಡಿ ಬ್ಯಾಂಕಿನಲ್ಲಿಟ್ಟ ಇಪ್ಪತ್ತು ಲಕ್ಷದ ಠೇವಣಿ.

ಫ್ಲ್ಯಾಟು ಆಕೆಯ ದುಡಿಮೆಯದು. ಅದು ಗಂಡನ ವಾರಸುದಾರರಿಗೆ ಹೋಗುತ್ತದೆ. ಆ ವಾರಸುದಾರರು ಯಾರೆಂದು ಲೆಕ್ಕ ಹಾಕುವಾಗ, ಲಲಿತಾ ತೀರಿದ ಮರುಕ್ಷಣ ಗಂಡ ಉಯಿಲಿಲ್ಲದೆ ತೀರಿಕೊಂಡ ಎಂದು ಭಾವಿಸಬೇಕು ಎನ್ನುತ್ತದೆ 16ನೇ ಕಲಮು. ಆ ಲೆಕ್ಕದಲ್ಲಿ ಮೈದುನನಿಗೆ ಅರ್ಧ, ನಾದಿನಿಗೆ ಅರ್ಧ. ಅತ್ತೆ ಬದುಕಿದ್ದಿದ್ದರೆ ಪೂರ್ತಿ ಅತ್ತೆಗೇ ಹೋಗುತ್ತಿತ್ತು. ದಾನಪತ್ರದ ಮನೆಗೂ ಇದೇ ಗತಿ: ಕೊಟ್ಟದ್ದು ಲಲಿತಾಳ ತಂದೆಯಾದರೂ, ಈಗ ಅದು ಆಕೆಯ ಮೈದುನ ಮತ್ತು ನಾದಿನಿಯದು. ತುಮಕೂರಿನ ಸೈಟು ಮಾತ್ರ ತಂದೆಯ ವಾರಸುದಾರರಿಗೆ ಮರಳುತ್ತದೆ, ತಾಯಿಗೆ ಅರ್ಧ, ತಮ್ಮನಿಗೆ ಅರ್ಧ. ತಾಯಿಗೆ ಆ ಪಾಲು ಸಿಗುವುದೂ ಲಲಿತಾಳ ತಾಯಿ ಎಂಬ ಕಾರಣಕ್ಕಲ್ಲ, ಲಲಿತಾಳ ತಂದೆಯ ಹೆಂಡತಿ ಎಂಬ ಕಾರಣಕ್ಕೆ. ಹೆತ್ತವಳನ್ನು ಹೆತ್ತವಳೆಂದು ಗುರುತಿಸದ ಈ ಲೆಕ್ಕ ನನಗೆ ಇಂದಿಗೂ ಸಂಕಟ ತರುತ್ತದೆ.

ಠೇವಣಿಯ ವಿಷಯದಲ್ಲಿ ಎಡವುವವರೇ ಹೆಚ್ಚು. ನಾಮಿನಿಯಾದ ತಾಯಿಗೆ ಬ್ಯಾಂಕು ಹಣ ಕೊಡುತ್ತದೆ, ಕೊಟ್ಟ ಮೇಲೆ ಬ್ಯಾಂಕಿನ ಹೊಣೆ ಮುಗಿಯುತ್ತದೆ. ಆದರೆ ನಾಮಿನಿ ಒಡೆಯಳಲ್ಲ, ವಾರಸುದಾರರ ಪರವಾಗಿ ಪಡೆದಿಟ್ಟುಕೊಂಡವಳು ಮಾತ್ರ. ಷೇರುಗಳ ವಿಷಯದಲ್ಲೂ ಹೀಗೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಖಚಿತಪಡಿಸಿದೆ. ತಾಯಿ ಆ ಹಣವನ್ನು ಆಸ್ಪತ್ರೆಗೆ ಖರ್ಚು ಮಾಡಿಕೊಂಡ ಮೇಲೂ ಮೈದುನನ ವಕೀಲರಿಂದ ಲೆಕ್ಕ ಕೇಳಿ ನೋಟಿಸು ಬರಬಹುದು.

ಗಂಡನ ಮನೆಯವರು ಆಕೆಯನ್ನು ಹೊರಗೆ ಹಾಕಿದ್ದರೆ ಕಾನೂನು ಬದಲಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇದೇ ಪ್ರಶ್ನೆ ಓಂ ಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾಗಿ, ಗಂಡನ ಮನೆಯಿಂದ ಹೊರದಬ್ಬಿಸಿಕೊಂಡು, ತವರಿನವರ ಆಸರೆಯಲ್ಲಿ ಓದಿ ಕೆಲಸಕ್ಕೆ ಸೇರಿದ ಹೆಣ್ಣುಮಗಳ ದುಡಿಮೆಯ ಹಣ ಅದು. 2009ರ ತೀರ್ಪಿನಲ್ಲಿ ಕೋರ್ಟು ಆ ಹಣ ಗಂಡನ ಕಡೆಯವರಿಗೇ ಸೇರಬೇಕೆಂದಿತು. ಕಲಮಿನ ಮಾತು ಸ್ಪಷ್ಟವಿರುವಾಗ ಅನುಕಂಪಕ್ಕೆ ಜಾಗವಿಲ್ಲ ಎಂಬುದು ಅದರ ತಾತ್ಪರ್ಯ.

ಬೆಂಗಳೂರಿನಲ್ಲಿ ತೊಂದರೆ ಇಮ್ಮಡಿಯಾಗಲು ಎರಡು ರೂಢಿಗಳು ಕಾರಣ. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕಡಿಮೆ, ಆಸ್ತಿಯ ಬೆಲೆ ಎಷ್ಟಿದ್ದರೂ ನಿಗದಿತ ಮೊತ್ತ. ಹಾಗಾಗಿ ಮಗಳಿಗೆ ಮನೆ ಕೊಡುವವರು ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ದಾನಪತ್ರವನ್ನೇ ಮಾಡಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಅದೇ ವಾರ ಮಗಳ ಉಯಿಲೂ ಆಗಬೇಕು, ಅದನ್ನು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಎರಡನೆಯದು, ಊರಿನ ಪಾಲನ್ನು ಮಾರಿ ಇಲ್ಲಿ ಫ್ಲ್ಯಾಟು ಕೊಳ್ಳುವುದು. ವಾರಸಿಕೆಯಾಗಿ ಬಂದ ಆಸ್ತಿಯನ್ನು ಮಾರಿದ ಹಣದಲ್ಲಿ ಕೊಂಡದ್ದು ಹೊಸ ಆಸ್ತಿ, ಅದಕ್ಕೆ ತವರಿನ ವಿನಾಯಿತಿ ಅಂಟಿಕೊಳ್ಳುವುದಿಲ್ಲ ಎಂದು ಹೈಕೋರ್ಟ್ ತೀರ್ಪುಗಳಿವೆ. ಲಲಿತಾ ತುಮಕೂರಿನ ಸೈಟು ಮಾರಿ ಕೆಂಗೇರಿಯಲ್ಲಿ ಫ್ಲ್ಯಾಟು ಕೊಂಡಿದ್ದರೆ ತಾಯಿ ಮತ್ತು ತಮ್ಮ ಅದನ್ನೂ ಕಳೆದುಕೊಳ್ಳುವ ಸಂಭವವೇ ಹೆಚ್ಚು.

ಸಾವಿನ ನಂತರ ಆಗುವ ಎಡವಟ್ಟು ಸಾಮಾನ್ಯವಾಗಿ ವಂಶವೃಕ್ಷದಿಂದ ಶುರುವಾಗುತ್ತದೆ. ತವರಿನವರು ನಾಡಕಚೇರಿಗೆ ಅರ್ಜಿ ಹಾಕಿ, ತಾಯಿ ಮತ್ತು ತಮ್ಮನ ಹೆಸರು ಮಾತ್ರ ಇರುವ ವಂಶವೃಕ್ಷ ಪಡೆದು, ಅದರ ಮೇಲೆ ಖಾತೆ ಬದಲಾಯಿಸಿಕೊಳ್ಳುತ್ತಾರೆ. ಖಾತೆ ತೆರಿಗೆಯ ದಾಖಲೆ, ಹಕ್ಕಿನ ದಾಖಲೆಯಲ್ಲ. ಮಾರಲು ಹೊರಟಾಗ ಕೊಳ್ಳುವವರ ವಕೀಲರು ಮೃತೆಯ ಗಂಡನ ಮನೆಯ ವಂಶವೃಕ್ಷ ಎಲ್ಲಿ ಎಂದು ಕೇಳುತ್ತಾರೆ, ಬ್ಯಾಂಕು ಸಾಲ ನಿಲ್ಲಿಸುತ್ತದೆ. ಇ-ಖಾತೆ ಕೈಯಲ್ಲಿದ್ದರೂ ವ್ಯವಹಾರ ಅಲ್ಲಿಗೇ ಕಟ್ಟಾಗುತ್ತದೆ. ಆದ್ದರಿಂದ ಆರಂಭದಲ್ಲೇ ಎರಡೂ ಮನೆಗಳ ವಂಶವೃಕ್ಷ ಮಾಡಿಸಿ, ಪ್ರತಿ ಆಸ್ತಿಯ ಮೂಲಪತ್ರವನ್ನು ಬೇರೆ ಬೇರೆ ಇಟ್ಟು, ಯಾವುದು ಕ್ರಯ, ಯಾವುದು ದಾನ, ಯಾವುದು ವಿಭಾಗ ಎಂದು ಗುರುತಿಸಿಕೊಳ್ಳಬೇಕು. ಗಂಡನ ಕಡೆಯವರು ಒಪ್ಪಿದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಪಡೆಯಬಹುದು. ಬಾಯಿಮಾತಿನ ಒಪ್ಪಿಗೆ ಸ್ಥಿರಾಸ್ತಿಗೆ ಸಾಲದು. ಒಪ್ಪದಿದ್ದರೆ ಮೊದಲು ಮಧ್ಯಸ್ಥಿಕೆ. ಇಂಥ ಆಸ್ತಿಗೆ ತವರಿನವರು ಹಕ್ಕು ಕೇಳುವಾಗ ದಾವೆ ಹೂಡುವ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು ಎಂದು ಸುಪ್ರೀಂ ಕೋರ್ಟ್ ಆ ನವೆಂಬರ್ ಆದೇಶದಲ್ಲೇ ಹೇಳಿದೆ. ಅಲ್ಲಿ ಆದ ಒಪ್ಪಂದಕ್ಕೆ ಡಿಕ್ರಿಯ ಬೆಲೆ ಇದೆ. ನಮ್ಮಲ್ಲಿ ಇದಕ್ಕೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ವಿಚಾರಿಸಬಹುದು.

ಇದೆಲ್ಲ ತಪ್ಪಬೇಕಾದರೆ ದಾರಿ ಉಯಿಲು. ಅದಕ್ಕೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಲೇಸು. ಬರೆದವಳ ಸಹಿಗೆ ಇಬ್ಬರು ಸಾಕ್ಷಿಗಳು ಬೇಕು, ಅವರು ಆಸ್ತಿ ಪಡೆಯುವವರಾಗಿರದಿದ್ದರೆ ಮತ್ತು ಆಕೆಗಿಂತ ಚಿಕ್ಕವರಾಗಿದ್ದರೆ ಒಳ್ಳೆಯದು, ಏಕೆಂದರೆ ಮುಂದೆ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕಾಗಬಹುದು. ಬಹುಪಾಲು ಉಯಿಲುಗಳಲ್ಲಿ ಬಿಟ್ಟುಹೋಗುವುದು ಎರಡು ಸಾಲು. 'ಎಲ್ಲವೂ ತಾಯಿಗೆ' ಎಂದು ಬರೆದು, ತಾಯಿ ಮೊದಲೇ ತೀರಿಕೊಂಡರೆ ಆ ಭಾಗ ಬಿದ್ದುಹೋಗುತ್ತದೆ, ಆಸ್ತಿ ಮತ್ತೆ ಗಂಡನ ವಾರಸುದಾರರ ಸರದಿಗೇ ಬರುತ್ತದೆ. ಆದ್ದರಿಂದ 'ತಾಯಿ ಇಲ್ಲದಿದ್ದರೆ ತಮ್ಮನಿಗೆ' ಎಂಬ ಸಾಲು ಇರಲೇಬೇಕು. ಹಾಗೆಯೇ 'ಇಲ್ಲಿ ಹೆಸರಿಸದ, ಮುಂದೆ ಗಳಿಸುವ ಉಳಿದೆಲ್ಲ ಆಸ್ತಿ ಇಂಥವರಿಗೆ' ಎಂಬ ಸಾಲು. ಅದಿಲ್ಲದಿದ್ದರೆ ಉಯಿಲು ಬರೆದ ಮೇಲೆ ಕೊಂಡ ಸೈಟು, ಲಾಕರಿನ ಒಡವೆ ಹೊರಗುಳಿಯುತ್ತವೆ.

ಮೇಲಿನದೆಲ್ಲ ಹಿಂದೂ, ಬೌದ್ಧ, ಜೈನ, ಸಿಖ್ ಹೆಣ್ಣುಮಕ್ಕಳಿಗೆ ಅನ್ವಯಿಸುವ ಮಾತು. ಮುಸ್ಲಿಂ, ಕ್ರೈಸ್ತ ಕುಟುಂಬಗಳ ನಿಯಮ ಬೇರೆ. ಮದುವೆಯಾದ ಏಳು ವರ್ಷದೊಳಗೆ ಅಸಹಜವಾಗಿ ಸತ್ತ ಹೆಣ್ಣಿನ ವರದಕ್ಷಿಣೆಯ ವಿಷಯವೂ ಬೇರೆ: ಮಕ್ಕಳಿಲ್ಲದಿದ್ದರೆ ಅದು ಆಕೆಯ ತಂದೆ ತಾಯಿಗೆ ಸೇರಬೇಕು ಎಂದು ವರದಕ್ಷಿಣೆ ನಿಷೇಧ ಕಾಯ್ದೆಯೇ ಹೇಳುತ್ತದೆ.

ಹೆಣ್ಣಿನ ಸ್ವಂತ ಗಳಿಕೆ ಗಂಡನ ಮತ್ತು ತವರಿನ ವಾರಸುದಾರರಿಗೆ ಸಮನಾಗಿ ಹೋಗಲಿ ಎಂದು ಕಾನೂನು ಆಯೋಗ 2008ರಲ್ಲೇ ತನ್ನ 207ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಸಂಸತ್ತು ಅದನ್ನು ಮುಟ್ಟಿಲ್ಲ. ಆದರೆ ಉತ್ತರಾಧಿಕಾರ ಸಮವರ್ತಿ ಪಟ್ಟಿಯಲ್ಲಿರುವ ವಿಷಯ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, ಕೇಂದ್ರ ತಂದದ್ದು 2005ರಲ್ಲಿ. ಅದೇ ಅಧಿಕಾರ ಬಳಸಿ ನಮ್ಮ ವಿಧಾನಮಂಡಲ 15ನೇ ಕಲಮಿಗೂ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತಕ್ಕೆ ಕಳಿಸಬೇಕು. ಅಲ್ಲಿಯ ತನಕ, ಮಗಳ ಹೆಸರಿಗೆ ದಾನಪತ್ರ ನೋಂದಾಯಿಸುವ ಪ್ರತಿ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲೂ ಈ ಕಲಮಿನ ಪರಿಣಾಮವನ್ನು ತಿಳಿಗನ್ನಡದಲ್ಲಿ ಬರೆದ ಒಂದು ಫಲಕ ಹಾಕಿಸಬೇಕೆಂದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯನ್ನು ಕೋರುತ್ತೇನೆ.

ಸಿವಿಲ್ ವಕೀಲೆ,
ಬಸವನಗುಡಿ, ಬೆಂಗಳೂರು