ಬಿಳಿ ದಾರ ಕೀಳಬೇಡ

ಪ್ರೀತಿಯ ಪುಟ್ಟ,

ನಿನ್ನ ಪತ್ರ ಬಂದು ಮೂರು ದಿನ ಆಯ್ತು. ಇಂಟರ್‌ವ್ಯೂ ಬಗ್ಗೆ, ಅಕ್ಕನ ಮಂಡಿನೋವಿನ ಬಗ್ಗೆ ಬರೆದದ್ದೆಲ್ಲ ಓದಿದೆ. ನಡುವೆ ಒಂದು ಸಾಲು ಬರೆದಿದ್ದೀಯಲ್ಲ, ಅದು ಮಾತ್ರ ನನಗೆ ನಿದ್ದೆ ಮಾಡೋಕೆ ಬಿಡುತ್ತಿಲ್ಲ. "ಅಪ್ಪನ ಕೋಟು ಹಾಕ್ಕೊಂಡು ಒಳಗೆ ಹೋದ ತಕ್ಷಣ, ಇದು ನನ್ನದಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತೆ ಅಲ್ವಾ ಮಾವ?"

ಸುಮ್ನೆ "ಇಲ್ಲ, ಯಾರಿಗೂ ಗೊತ್ತಾಗಲ್ಲ" ಅಂತ ಬರೆಯಬಹುದಿತ್ತು. ಆದರೆ ಆ ಕೋಟು ಹೊಲಿದವನು ನಾನು. ನಿನಗೆ ಸುಳ್ಳು ಹೇಳೋಕೆ ಮನಸ್ಸು ಬರುವುದಿಲ್ಲ.

ಟೈಲರ್ ಆದವನಿಗೆ ನೋಡಿದ ಕೂಡಲೇ ಗೊತ್ತಾಗುತ್ತೆ. ಅವನು ಮೊದಲು ನೋಡುವುದು ಭುಜ. ಭುಜದ ಮೂಳೆ ಎಲ್ಲಿ ಮುಗಿಯುತ್ತೋ ಅಲ್ಲೇ ತೋಳಿನ ಹೊಲಿಗೆ ಬರಬೇಕು. ನೀನು "ಒಂದು ಬೆರಳಗಲ ಆಚೆ ಇದೆ" ಅಂತ ಬರೆದಿದ್ದೀಯ. ಅಂದರೆ ಮುಕ್ಕಾಲು ಇಂಚು ಇರಬಹುದು. ಕೋಟು ಹಾಕಿಕೊಂಡು, ಕೈ ಇಳಿಬಿಟ್ಟು, ಗೋಡೆಗೆ ಪಕ್ಕಕ್ಕೆ ಒರಗಿ ನಿಂತು ನೋಡು. ಮೊದಲು ತೋಳು ತಾಗಿದರೆ ಚಿಂತೆಯಿಲ್ಲ. ತೋಳಿಗಿಂತ ಮುಂಚೆ ಭುಜದ ಪ್ಯಾಡ್ ತಾಗಿ ಮಡಚಿಕೊಂಡರೆ ಭುಜ ದೊಡ್ಡದು ಅಂತ ಅರ್ಥ. ಒಂದು ಇಂಚು ದಾಟಿದರೆ ಪ್ಯಾಡ್ ಕೆಳಗೆ ತೋಳಿನಲ್ಲಿ ಗುಳಿ ಬೀಳುತ್ತೆ. ಆ ಗುಳಿ ಇದ್ದರೆ, ಬೇಜಾರು ಮಾಡ್ಕೋಬೇಡ ಪುಟ್ಟ, ಕೋಟು ಮನೆಯಲ್ಲೇ ಇರಲಿ. ಚೆನ್ನಾಗಿ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಹೋಗು. ಭುಜ ಸರಿಮಾಡಬೇಕೆಂದರೆ ತೋಳು ಬಿಚ್ಚಬೇಕು, ಲೈನಿಂಗ್ ಬಿಚ್ಚಬೇಕು, ಒಳಗಿನ ಕ್ಯಾನ್ವಾಸ್ ಕತ್ತರಿಸಬೇಕು, ಮತ್ತೆ ತೋಳು ಕೂರಿಸಬೇಕು. ಇಂಟರ್‌ವ್ಯೂಗೆ ಉಳಿದಿರುವ ಒಂಬತ್ತು ದಿನದಲ್ಲಿ ಅವಸರದಿಂದ ಯಾರ ಕೈಯಲ್ಲೂ ಮಾಡಿಸಬೇಡ. ಕೆಟ್ಟರೆ ಮತ್ತೆ ಸರಿಹೋಗಲ್ಲ.

ಆದರೆ ನಿನ್ನನ್ನು ಇಂಟರ್‌ವ್ಯೂ ಮಾಡುವವರು ಟೈಲರ್‌ಗಳಲ್ಲ. ಅವರಿಗೆ ಹೊಲಿಗೆ ಕಾಣಿಸುವುದಿಲ್ಲ, ಕೈ ಕಾಣಿಸುತ್ತೆ. ತೋಳು ಮೇಲೆ ಎಳೆದುಕೊಳ್ಳುವ ಕೈ, ಎದೆ ಹತ್ತಿರ ಕೋಟು ಹಿಡಿದುಕೊಂಡ ಕೈ. ದೊಡ್ಡ ಬಟ್ಟೆ ಹಾಕಿಕೊಂಡವರನ್ನು ಬಟ್ಟೆಗಿಂತ ಮುಂಚೆ ಆ ಕೈ ತೋರಿಸಿಕೊಡುತ್ತೆ. ಇದು ನನಗೆ ಹೇಗೆ ಗೊತ್ತು ಅಂತ ಹೇಳುತ್ತೇನೆ. ಅಕ್ಕನಿಗೂ ಇಷ್ಟು ದಿನ ಹೇಳಿಲ್ಲ.

ನೀನು ಹೇಳಿದೆಯಲ್ಲ, ಅಪ್ಪ ದೊಡ್ಡ ಆಳು, ನಾನು ಸಣ್ಣವನು, ಆ ಕೋಟು ಅವರಿಗೇ ಸರಿ ಅಂತ. ಹಾಗಲ್ಲ ಪುಟ್ಟ. ಕೊನೆಯ ವರ್ಷ ಆ ಕೋಟು ಭಾವನಿಗೂ ದೊಡ್ಡದಾಗಿತ್ತು. ಮನೆಯಲ್ಲಿ ಆದ ಕೊನೆಯ ಮದುವೆಗೆ ಅದನ್ನೇ ಹಾಕಿಕೊಂಡು ಬಂದಿದ್ದರು. ಎಲ್ಲರ ಜೊತೆ ನಗುನಗುತ್ತಾ ಮಾತಾಡುತ್ತಿದ್ದರು. ಎಡಗೈ ಮಾತ್ರ ಇಡೀ ದಿನ ಕೋಟಿನ ಪಕ್ಕವನ್ನು ಹಿಂದಕ್ಕೆ ಸುತ್ತಿ ಹಿಡಿದೇ ಇತ್ತು. ಜೋಲುವುದು ಕಾಣಬಾರದು ಅಂತ. ನಾನು ದೂರದಿಂದ ನೋಡಿದೆ. ಹತ್ತಿರ ಹೋಗಲಿಲ್ಲ.

ಒಂದು ವಾರ ಬಿಟ್ಟು ಅವರೇ ಅಂಗಡಿಗೆ ಬಂದರು. "ಸ್ವಲ್ಪ ಒಳಗೆ ಹಿಡಿದು ಕೊಡೋ" ಅಂದರು. ನಿಲ್ಲಿಸಿ ಅಳತೆ ತೆಗೆದೆ. ಎರಡೂ ಪಕ್ಕ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ಆಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ಅದನ್ನು ಒಳಗೆ ಹಿಡಿದರೆ, ಭಾವ ಇನ್ನು ಮೊದಲಿನ ಹಾಗೆ ಆಗುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ ಅನ್ನಿಸಿತು. "ಎರಡು ತಿಂಗಳಲ್ಲಿ ಮೈ ತುಂಬಿಕೊಳ್ಳುತ್ತೆ ಭಾವ, ಆಗ ಮತ್ತೆ ಬಿಚ್ಚಬೇಕಾಗುತ್ತೆ, ಸುಮ್ನೆ ಬಿಡಿ" ಅಂದೆ. ಅವರು ಏನೂ ಹೇಳದೆ ಕೋಟು ಮಡಚಿ ತೆಗೆದುಕೊಂಡು ಹೋದರು. ಒಂದು ಸಂಜೆಯ ಕೆಲಸ ಅದು. ಮಾಡಿಕೊಟ್ಟಿದ್ದರೆ ಇನ್ನೊಂದು ಸಲ ಕೈ ಬಿಟ್ಟು ನಿಲ್ಲುತ್ತಿದ್ದರು.

"ಪಕ್ಕದಲ್ಲಿ ಏನೋ ಬಿಳಿ ದಾರ ಇದೆ, ಕಿತ್ತುಹಾಕಲಾ" ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀಯ. ಕೀಳಬೇಡ. ಅದೇ ಆ ದಾರ. ನಿನ್ನ ಪತ್ರ ಓದಿ ಹಳೆಯ ಅಳತೆ ಪುಸ್ತಕ ತೆಗೆದೆ. ಆ ದಿನ ಭಾವನ ಎದೆ 37, ಸೊಂಟ 31. ನೀನು ಬರೆದ ಅಳತೆ ಎದೆ 37, ಸೊಂಟ 30. ದಾರ ಇರುವುದು ಈಗಿನ ಹೊಲಿಗೆಯಿಂದ ಅರ್ಧ ಇಂಚು ಒಳಗೆ. ಮುಂದಿನ ತುಂಡು, ಬೆನ್ನಿನ ತುಂಡು ಎರಡೂ ಸೇರಿ ಒಂದು ಪಕ್ಕಕ್ಕೆ ಒಂದು ಇಂಚು ಹೋಗುತ್ತೆ, ಒಟ್ಟು ಎರಡು ಇಂಚು. ಅದಕ್ಕಿಂತ ಜಾಸ್ತಿ ಹಿಡಿಸಬೇಡ, ಜೇಬು ಹಿಂದಕ್ಕೆ ಸರಿದುಬಿಡುತ್ತೆ. ಹೊಲಿದ ಮೇಲೆ ಗುಂಡಿ ಹಾಕಿ, ಹೊಟ್ಟೆ ಹತ್ತಿರ ಕೈ ತೂರಿಸಿ ನೋಡು. ಅಂಗೈ ಸಲೀಸಾಗಿ ಹೋದರೆ ಸರಿ. ಮುಷ್ಟಿ ಆಡುವಷ್ಟು ಜಾಗ ಇದ್ದರೆ ಇನ್ನೂ ಸಡಿಲ.

ತೋಳು ಹೆಬ್ಬೆರಳಿನ ಬುಡದವರೆಗೆ ಬರುತ್ತೆ ಅಂದೆಯಲ್ಲ, ಅದು ಮಣಿಕಟ್ಟಿನ ಮೂಳೆ ಹತ್ತಿರ ನಿಲ್ಲಬೇಕು. ಶರ್ಟ್‌ನ ಕಫ್ ಅರ್ಧ ಇಂಚು ಕಂಡರೆ ಚೆಂದ. ತೋಳಿನ ತುದಿಯ ಗುಂಡಿಗಳಿಗೆ ನಾನು ಕಾಜಾ ಕತ್ತರಿಸಿಲ್ಲ, ಬರೀ ಶೋಗೆ ಹಾಕಿದ್ದು. ಹಾಗಾಗಿ ಕೆಳಗಿನಿಂದಲೇ ಗಿಡ್ಡ ಮಾಡಿಸಬಹುದು. ಟೈಲರ್‌ಗೆ ಗುಂಡಿಗಳನ್ನೂ ಮೇಲಕ್ಕೆ ಸರಿಸು ಅಂತ ಹೇಳು, ಮರೆಯುತ್ತಾರೆ. ಕೋಟಿನ ಉದ್ದ ಮುಟ್ಟಿಸಬೇಡ.

ಇಷ್ಟೆಲ್ಲ ಮಾಡಿದರೂ ನಿನ್ನ ಭಯ ಹೋಗುತ್ತೆ ಅಂತ ನಾನು ಹೇಳುತ್ತಿಲ್ಲ. ನಿನ್ನದಲ್ಲ ಅಂತ ಗೊತ್ತಾಗಬಹುದು. ಯಾರಾದರೂ ಕೇಳಿದರೆ "ನಮ್ಮಪ್ಪನದು" ಅನ್ನು. ಬೇರೆ ಏನೂ ಸೇರಿಸಬೇಕಾಗಿಲ್ಲ. ಅದಕ್ಕೆ ಮುಂಚೆ ಎರಡು ಸಂಜೆ ಮನೆಯಲ್ಲೇ ಹಾಕಿಕೊಂಡು ಓಡಾಡು. ಕೂರುವಾಗ ಗುಂಡಿ ಬಿಚ್ಚು, ಇಲ್ಲದಿದ್ದರೆ ಕಾಲರ್ ಕತ್ತಿನ ಹಿಂದೆ ಎದ್ದು ನಿಲ್ಲುತ್ತೆ. ಕೈ ತಾನಾಗಿ ತೋಳಿನ ಕಡೆ ಹೋಗುತ್ತಾ ನೋಡಿಕೋ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡರೆ ಹೇಳುತ್ತಾಳೆ. ಅವಳಿಗೆ ಕಷ್ಟ ಆಗುತ್ತೋ ಏನೋ, ನೀನೇ ಯೋಚನೆ ಮಾಡು.

ಒಗೆಯಬೇಡ, ಒಳಗಿನ ಕ್ಯಾನ್ವಾಸ್ ಮುದುರಿಕೊಳ್ಳುತ್ತೆ. ಪೆಟ್ಟಿಗೆಯ ವಾಸನೆ ಇದ್ದರೆ ಎರಡು ದಿನ ನೆರಳಲ್ಲಿ ಗಾಳಿಗೆ ನೇತುಹಾಕು. ಇಸ್ತ್ರಿ ಮಾಡುವಾಗ ಮೇಲೆ ತೆಳ್ಳಗಿನ ಒದ್ದೆ ಬಟ್ಟೆ ಹಾಸು. ನಾನೇ ಬಂದು ಮಾಡಿಕೊಡಬೇಕಿತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಗಿದೆ. ಕ್ಷಮಿಸು.

ಅಲ್ಲಿ ಒಳ್ಳೆ ಟೈಲರ್ ಯಾರಾದರೂ ಇದ್ದರೆ ಈ ಪತ್ರವನ್ನೇ ತೋರಿಸು. ಬಿಳಿ ದಾರದ ಮೇಲೇ ಹೊಲಿಯಲಿ, ಹೊಲಿದಾದ ಮೇಲೆ ದಾರ ಕೀಳಲಿ. ಎಡಗಡೆ ಕಂಕುಳ ಹತ್ತಿರ ಮಾತ್ರ ದಾರ ಸ್ವಲ್ಪ ಸೊಟ್ಟ ಹೋಗಿದೆ. ನಾನು ಅಲ್ಲಿ ಸೂಜಿ ಹಾಕುವಾಗ ಭಾವ ತಿರುಗಿ, "ಯಾವಾಗ ಬಂದು ತಗೊಂಡು ಹೋಗಲಿ" ಅಂತ ಕೇಳಿದರು. ಅಲ್ಲಿ ನೇರ ಮಾಡಿಕೊಳ್ಳಲಿ.

ನಿನ್ನ ಮಾವ